ತಾಳಮದ್ದಳೆಯ ಅಡ್ಡ ವಿಡಿಯೊವನ್ನು ಮೊಬೈಲಿನ ಉದ್ದ ಚೌಕಟ್ಟಿಗೆ ಕೂರಿಸುವ ಕ್ರಮ

ಪ್ರಶ್ನೆ: ನಮ್ಮ ಸಂಘದ ತಾಳಮದ್ದಳೆ ಕೂಟಗಳನ್ನು ಹಲವು ವರ್ಷಗಳಿಂದ ಒಂದೇ ಕ್ಯಾಮೆರಾದಲ್ಲಿ, ಫುಲ್ ಎಚ್‌ಡಿ ಅಡ್ಡ ಚೌಕಟ್ಟಿನಲ್ಲಿ ಚಿತ್ರೀಕರಿಸುತ್ತಾ ಬಂದಿದ್ದೇವೆ. ಅವುಗಳಿಂದ ಒಂದೂವರೆ ನಿಮಿಷದ ತುಣುಕುಗಳನ್ನು ತೆಗೆದು ಶಾರ್ಟ್ಸ್, ರೀಲ್ಸ್‌ಗಳಿಗೆ ಹಾಕಲು ಹೊರಟರೆ ಒಬ್ಬ ಅರ್ಥಧಾರಿ ಕಂಡಾಗ ಇನ್ನೊಬ್ಬರು ಕಾಣುವುದಿಲ್ಲ. ಆಟೋ ರೀಫ್ರೇಮ್ ಹಾಕಿದರೆ ಚಿತ್ರ ಅತ್ತಿತ್ತ ಓಲಾಡುತ್ತದೆ. ಕೆಳಗೆ ಕೂರಿಸಿದ ಕನ್ನಡ ಸಾಲುಗಳು ಮೊಬೈಲಿನಲ್ಲಿ ಲೈಕ್, ಶೇರ್ ಗುಂಡಿಗಳಡಿ ಮರೆಯಾಗುತ್ತವೆ, ಮರೆಯಾಗದಿದ್ದರೂ ಓದಲು ಕಷ್ಟ. ಇದಕ್ಕೆ ಸರಿಯಾದ ಕ್ರಮ ಯಾವುದು, ಸರ್?

ಉತ್ತರ: ಮೊದಲು ಒಂದು ಲೆಕ್ಕವನ್ನು ಮಾಡಿಕೊಳ್ಳೋಣ, ಏಕೆಂದರೆ ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಅದರೊಳಗೇ ಇವೆ. 1920 × 1080 ಅಳತೆಯ ಚಿತ್ರದ ಪೂರ್ತಿ ಎತ್ತರವನ್ನು ಉಳಿಸಿಕೊಂಡು 9:16ರ ಉದ್ದ ಚೌಕಟ್ಟನ್ನು ಕತ್ತರಿಸಿದರೆ ಸಿಗುವ ಅಗಲ 607.5 ಪಿಕ್ಸೆಲ್ ಮಾತ್ರ. ಅಂದರೆ ಮೂಲ ಅಗಲದ ಮೂರರಲ್ಲೊಂದು ಪಾಲಿಗಿಂತಲೂ ತುಸು ಕಡಿಮೆ. ಉಳಿದ ಎರಡು ಪಾಲು ಪ್ರತಿ ಕ್ಷಣವೂ ಪ್ರೇಕ್ಷಕನ ಕಣ್ಣಿಗೆ ಬೀಳದೆ ಹೋಗುತ್ತದೆ. ಸಿಕ್ಕ ಈ ಪಾಲನ್ನು 1080 × 1920ಕ್ಕೆ ಹಿಗ್ಗಿಸಬೇಕಾದ್ದರಿಂದ ಚಿತ್ರ ಸುಮಾರು 1.78 ಪಟ್ಟು ದೊಡ್ಡದಾಗುತ್ತದೆ ಮತ್ತು ಅದೇ ಪ್ರಮಾಣದಲ್ಲಿ ಮೃದುವಾಗುತ್ತದೆ. ಆದ್ದರಿಂದ ಯೂಟ್ಯೂಬಿಗೆ ಏರಿಸಿ ಮತ್ತೆ ಇಳಿಸಿಕೊಂಡ ಪ್ರತಿಯಿಂದ ಈ ಕೆಲಸವನ್ನು ಎಂದೂ ಆರಂಭಿಸಬೇಡಿ. ಕ್ಯಾಮೆರಾದ ಮೂಲ ಕಡತವನ್ನೇ ಹುಡುಕಿ ತೆಗೆಯಿರಿ.

ಇನ್ನು ನಿಮ್ಮ ವೇದಿಕೆಯನ್ನು ನೋಡೋಣ. ತಾಳಮದ್ದಳೆಯಲ್ಲಿ ಸಾಮಾನ್ಯವಾಗಿ ನಡುವೆ ಭಾಗವತರೂ ಹಿಮ್ಮೇಳದವರೂ ಕುಳಿತಿರುತ್ತಾರೆ, ಅರ್ಥಧಾರಿಗಳು ಎರಡು ಬದಿಗಳಲ್ಲಿ ಎದುರುಬದುರಾಗಿರುತ್ತಾರೆ. ಕೃಷ್ಣ ಮತ್ತು ಕೌರವನ ಸಂವಾದದ ಒಂದು ತುಣುಕನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಕೃಷ್ಣನ ಅರ್ಥಧಾರಿಯ ಮುಖದ ನಡುಬಿಂದು ಎಡ ಅಂಚಿನಿಂದ 430ನೆಯ ಪಿಕ್ಸೆಲ್‌ನಲ್ಲಿದೆ, ಭಾಗವತರದ್ದು 960ರಲ್ಲಿ, ಕೌರವನದ್ದು 1480ರಲ್ಲಿ ಎಂದುಕೊಳ್ಳೋಣ. ಇಬ್ಬರು ಅರ್ಥಧಾರಿಗಳ ನಡುವಿನ ಅಂತರ 1050 ಪಿಕ್ಸೆಲ್. ಕತ್ತರಿಸಿ ತೆಗೆಯುವ ಉದ್ದ ಚೌಕಟ್ಟನ್ನು ಕಿಟಕಿ ಎನ್ನೋಣ, ಅದರ ಅಗಲ ಪೂರ್ಣಾಂಕದಲ್ಲಿ 608. ಕಿಟಕಿಯನ್ನು ಎಲ್ಲಿಟ್ಟರೂ ಇಬ್ಬರೂ ಅದರೊಳಗೆ ಬರುವುದಿಲ್ಲ. ನಡುವೆ ಇಟ್ಟರಂತೂ ಇಬ್ಬರನ್ನೂ ಬಿಟ್ಟು ಭಾಗವತರೊಬ್ಬರೇ ಉಳಿಯುತ್ತಾರೆ. ಯಾವ ಸಾಫ್ಟ್‌ವೇರ್ ತಂದರೂ ಈ ಲೆಕ್ಕ ಬದಲಾಗದು. ಹೀಗಿರುವಾಗ ಯಾವ ಮಾತಿಗೆ ಯಾರ ಮುಖವನ್ನು ತೋರಿಸಬೇಕೆಂದು ತೀರ್ಮಾನಿಸುವುದೇ ನಿಮ್ಮ ಮುಂದಿರುವ ಕೆಲಸ. ಹೇಳಬೇಕೆಂದರೆ ಇದು ಹೊಸದಾಗಿ ಮಾಡುವ ಸಂಕಲನ, ಮತ್ತು ಅದನ್ನು ಪ್ರಸಂಗ ಬಲ್ಲವರು ಮಾಡಿದರೆ ಮಾತ್ರ ಚೆನ್ನಾಗಿ ಬರುತ್ತದೆ.

ಆಟೋ ರೀಫ್ರೇಮ್ ಓಲಾಡುವುದಕ್ಕೆ ಕಾರಣ ಇಲ್ಲಿಯೇ ಇದೆ. ಅಂಥ ಸಲಕರಣೆಗಳು ಚೌಕಟ್ಟಿನಲ್ಲಿ ಮುಖ ಎಲ್ಲಿದೆ, ಚಲನೆ ಎಲ್ಲಿದೆ ಎಂಬುದನ್ನು ನೋಡಿ ಕಿಟಕಿಯನ್ನು ಸರಿಸುತ್ತವೆ. ಅರ್ಥ ಹೇಳುತ್ತಿರುವವರು ಯಾರೆಂಬುದು ಅವುಗಳಿಗೆ ಮುಖ್ಯವಲ್ಲ. ಕುಳಿತು ಮಾತನಾಡುವ ಕೂಟದಲ್ಲಿ ಅತಿ ಹೆಚ್ಚು ಚಲನೆ ಇರುವುದು ಮದ್ದಳೆಗಾರರ ಬೆರಳುಗಳಲ್ಲಿ, ಭಾಗವತರ ಕೈಯಲ್ಲಿ, ಕೆಲವೊಮ್ಮೆ ಹಿಂದೆ ತಿರುಗುವ ಫ್ಯಾನಿನಲ್ಲಿ. ಕೃಷ್ಣನ ಮಾತು ಗಂಭೀರವಾಗಿ ಸಾಗುತ್ತಿರುವಾಗ ಚಹಾದ ತಟ್ಟೆ ಹಿಡಿದು ಯಾರಾದರೂ ಹಿಂದೆ ಹಾದುಹೋದರೆ ಚಿತ್ರ ಅವರ ಹಿಂದೆಯೇ ಹೊರಟುಬಿಡಬಹುದು. ಅದನ್ನು ಬಳಸಲೇಬೇಕೆಂದಿದ್ದರೆ ಮೊದಲು ತುಣುಕನ್ನು ಮಾತುಗಾರರಿಗೆ ತಕ್ಕಂತೆ ಕತ್ತರಿಸಿ, ಆಮೇಲೆ ಪ್ರತಿ ಚೂರಿಗೂ ಬೇರೆ ಬೇರೆಯಾಗಿ, ಚಲನೆಯ ಆಯ್ಕೆಯನ್ನು ಅತಿ ನಿಧಾನಕ್ಕೆ ಇಟ್ಟು ಹಾಕಿ. ಪ್ರೀಮಿಯರ್ ಪ್ರೊದಲ್ಲಿ ಅದಕ್ಕೆ Slower Motion ಎಂದಿದೆ. ಆದರೆ ಕ್ಯಾಮೆರಾವೂ ಕದಲದ, ಮಾತನಾಡುವವರೂ ಎದ್ದು ನಡೆಯದ ನಿಮ್ಮ ವಿಡಿಯೊಗಳಿಗೆ ಕೈಯಿಂದಲೇ ಎರಡು ಸ್ಥಿರ ಕಿಟಕಿಗಳನ್ನು ಮಾಡಿಕೊಳ್ಳುವುದು ಅದಕ್ಕಿಂತ ಬೇಗ ಮುಗಿಯುವ ದಾರಿ ಎಂಬುದು ನನ್ನ ಅಭಿಪ್ರಾಯ.

ಆ ದಾರಿ ಹೀಗಿದೆ. ಆಯ್ದ ಒಂದೂವರೆ ನಿಮಿಷದ ತುಣುಕಿನಿಂದ ಎರಡು ಪೂರ್ಣಾವಧಿಯ ಉದ್ದ ವಿಡಿಯೊಗಳನ್ನು ತೆಗೆಯಿರಿ. ಒಂದರಲ್ಲಿ ಮೊದಲಿನಿಂದ ಕೊನೆಯವರೆಗೆ ಕೃಷ್ಣ ಮಾತ್ರ, ಇನ್ನೊಂದರಲ್ಲಿ ಕೌರವ ಮಾತ್ರ ಇರಲಿ. ಎರಡನ್ನೂ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಟ್ರ್ಯಾಕಿನಲ್ಲಿ ಇಟ್ಟು, ಎರಡು ಕ್ಯಾಮೆರಾಗಳಿದ್ದಾಗ ಸಂಕಲನ ಮಾಡುವಂತೆಯೇ ಒಂದರಿಂದ ಇನ್ನೊಂದಕ್ಕೆ ಕಟ್ ಮಾಡುತ್ತಾ ಹೋಗಿ. ಎರಡರ ಮೂಲವೂ ಒಂದೇ ಆದ್ದರಿಂದ ಧ್ವನಿ ಹೊಂದಿಸುವ ತಾಪತ್ರಯ ಇಲ್ಲ. ಸಂಕಲನದ ಸಾಫ್ಟ್‌ವೇರಿನ ಕ್ರಾಪ್‌ನಲ್ಲಿಯೇ ಇದನ್ನು ಮಾಡಬಹುದು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಾದರೆ ಆದೇಶ ಇಷ್ಟೇ:

```
ffmpeg -i mula.mp4 -vf "crop=608:1080:180:0,scale=1080:1920:flags=lanczos,setsar=1" -c:v libx264 -crf 17 -c:a copy krishna.mp4
ffmpeg -i mula.mp4 -vf "crop=608:1080:1120:0,scale=1080:1920:flags=lanczos,setsar=1" -c:v libx264 -crf 17 -c:a copy kaurava.mp4
```

ಇಲ್ಲಿ 180 ಮತ್ತು 1120 ಎಂಬುವು ಕಿಟಕಿಯ ಎಡ ಅಂಚು ಆರಂಭವಾಗುವ ಸ್ಥಾನಗಳು. ಕೃಷ್ಣನ ಮುಖ 430ರಲ್ಲಿದ್ದರೂ ಕಿಟಕಿಯನ್ನು ಅದರ ಸುತ್ತ ಸರಿಸಮನಾಗಿ ಇಟ್ಟಿಲ್ಲ ಎಂಬುದನ್ನು ಗಮನಿಸಿ. ಅವರು ಬಲಕ್ಕೆ ನೋಡಿ ಮಾತನಾಡುತ್ತಿರುವುದರಿಂದ ಮುಖ ನಡುಗೆರೆಗಿಂತ ತುಸು ಎಡಕ್ಕೆ ಬರುವಂತೆ, ಬಲಗಡೆ ಒಂದಿಷ್ಟು ಹೆಚ್ಚು ಜಾಗ ಉಳಿಯುವಂತೆ ಇಟ್ಟಿದೆ. ಕೌರವ ಎಡಕ್ಕೆ ನೋಡುತ್ತಿರುವುದರಿಂದ ಅವರಿಗೆ ಇದು ತಿರುವುಮುರುವು. ಹೀಗೆ ಮಾಡಿದಾಗ ಒಬ್ಬೊಬ್ಬರೇ ಕಾಣುತ್ತಿದ್ದರೂ ಇಬ್ಬರೂ ಪರಸ್ಪರ ನೋಡುತ್ತಿದ್ದಾರೆಂಬುದು ಕಟ್ಟಿನಿಂದ ಕಟ್ಟಿಗೆ ಉಳಿಯುತ್ತದೆ. ಇಬ್ಬರನ್ನೂ ನಟ್ಟನಡುವೆ ಇಟ್ಟರೆ ಎರಡು ಬೇರೆ ಬೇರೆ ಭಾಷಣಗಳನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಳೆಯ ಚಿತ್ರೀಕರಣ ಇಂಟರ್‌ಲೇಸ್ ಆಗಿದ್ದರೆ, ಅಂದರೆ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಅಡ್ಡಗೆರೆಗಳು ಕಂಡರೆ, crop ಪದಕ್ಕಿಂತ ಮೊದಲು `bwdif=mode=send_frame,` ಎಂದು ಸೇರಿಸಿ. ಈ ಗೆರೆಗಳನ್ನು ಹಿಗ್ಗಿಸುವ ಮೊದಲೇ ತೆಗೆಯಬೇಕು. ಹಿಗ್ಗಿಸಿದ ಮೇಲೆ ಅವು ಚಿತ್ರದೊಳಗೇ ಕಲಸಿಹೋಗುತ್ತವೆ, ಮತ್ತೆ ಸರಿಪಡಿಸಲಾಗುವುದಿಲ್ಲ.

ಕಿಟಕಿಯ ಸ್ಥಾನವನ್ನು ನಿಗದಿ ಮಾಡುವಾಗ ಹಿಂದಿನ ಫ್ಲೆಕ್ಸ್ ಬ್ಯಾನರನ್ನೂ ಒಮ್ಮೆ ನೋಡಿ. ಅಡ್ಡ ಚಿತ್ರದಲ್ಲಿ ಯಾರೂ ಗಮನಿಸದ ಬ್ಯಾನರಿನ ಅಕ್ಷರಗಳು ಕಿಟಕಿಯ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಕೊಂಡಾಗ ಎದ್ದು ಕಾಣುತ್ತವೆ, ಓದುವ ಕಣ್ಣು ಅಲ್ಲಿಗೇ ಹೋಗುತ್ತದೆ. ಮೂವತ್ತು ನಲವತ್ತು ಪಿಕ್ಸೆಲ್ ಆಚೀಚೆ ಸರಿಸಿ ಎರಡು ಪದಗಳ ನಡುವಿನ ಖಾಲಿ ಜಾಗಕ್ಕೆ ಅಂಚು ಬರುವಂತೆ ಮಾಡಿದರೆ ಸಾಕು.

ಅರ್ಥಧಾರಿಗಳು ಮಾತಿನ ಭರದಲ್ಲಿ ಮುಂದೆ ಹಿಂದೆ ಬಾಗುತ್ತಾರೆ, ಕೈ ಚಾಚುತ್ತಾರೆ. ಅದನ್ನೆಲ್ಲ ಹಿಂಬಾಲಿಸಬೇಡಿ. ಮುಖ ಅರವತ್ತು ಎಂಬತ್ತು ಪಿಕ್ಸೆಲ್ ಆಚೀಚೆ ಹೋದರೆ ಕಿಟಕಿ ಕದಲಬೇಕಾಗಿಲ್ಲ. ಕೈ ಒಂದು ಕ್ಷಣ ಅಂಚಿನಾಚೆ ಹೋದರೂ ನಷ್ಟವಿಲ್ಲ. ಅವರು ಭಂಗಿಯನ್ನೇ ಬದಲಿಸಿ, ದಿಂಬಿಗೆ ಒರಗಿ ಅಥವಾ ಎದುರಾಳಿಯತ್ತ ಬಹಳವಾಗಿ ವಾಲಿ, ಹಾಗೆಯೇ ಮಾತು ಮುಂದುವರಿಸಿದರೆ ಮಾತ್ರ ಕಿಟಕಿಯನ್ನು ಸರಿಸಬೇಕಾಗುತ್ತದೆ. ಆಗಲೂ ತೆರೆಯ ಮೇಲೆ ಸರಿಸುವ ಅಗತ್ಯವಿಲ್ಲ: ಎದುರಿನವರಿಗೆ ಕಟ್ ಮಾಡಿದ ಹೊತ್ತಿನಲ್ಲಿ ಇವರ ಕಿಟಕಿಯನ್ನು ಹೊಸ ಜಾಗಕ್ಕೆ ಇಟ್ಟುಬಿಡಿ. ಮತ್ತೆ ಇವರಿಗೆ ಮರಳಿದಾಗ ಬದಲಾವಣೆ ಆಗಿದೆಯೆಂದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಒಬ್ಬರೇ ದೀರ್ಘವಾಗಿ ಮಾತನಾಡುತ್ತಿದ್ದು ಕಟ್ಟಿಗೆ ಅವಕಾಶವೇ ಇಲ್ಲವಾದರೆ, ಆರಂಭವೂ ಅಂತ್ಯವೂ ಮೆದುವಾಗಿರುವ ಎರಡು ಕೀಫ್ರೇಮ್‌ಗಳಿಂದ ಒಂದೆರಡು ಸೆಕೆಂಡುಗಳ ಕಾಲ ನಿಧಾನವಾಗಿ ಸರಿಸಬಹುದು.

ಯಾವಾಗ ಕಟ್ ಮಾಡಬೇಕೆಂಬುದರಲ್ಲಿ ಪ್ರಸಂಗದ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಎದುರಿನವರು ನಡುವೆ "ಹೌದೇ?", "ಆಗಲಿ, ಮುಂದೆ?" ಎಂದಷ್ಟೇ ಹೇಳಿದಾಗ ಅವರಿಗೆ ಹಾರಬೇಡಿ, ಧ್ವನಿ ಕೇಳಿಸಿದರೆ ಸಾಕು. ಒಂದೂವರೆ ಸೆಕೆಂಡಿಗಿಂತ ಚಿಕ್ಕ ಪ್ರತಿ ಮಾತಿಗೂ ಕಟ್ ಮಾಡುತ್ತಾ ಹೋದರೆ ನೋಡುವವರ ಕಣ್ಣು ದಣಿಯುತ್ತದೆ, ಜೊತೆಗೆ ಓದುತ್ತಿರುವ ಸಾಲೂ ತಪ್ಪಿಹೋಗುತ್ತದೆ. ಆದರೆ ಕೌರವನನ್ನು ಕಟ್ಟಿಹಾಕುವ ಮಾತನ್ನು ಕೃಷ್ಣ ಆಡುತ್ತಿರುವಾಗ ಆ ವಾಕ್ಯದ ಕೊನೆಯ ಭಾಗವನ್ನು ಕೌರವನ ಮುಖದ ಮೇಲೆ ಕೇಳಿಸುವುದು ಒಳ್ಳೆಯದು. ಉತ್ತರ ಹೊಳೆಯುವ ಗಳಿಗೆ ಆ ಮುಖದಲ್ಲಿರುತ್ತದೆ. ತಾಳಮದ್ದಳೆಯ ರಸಿಕರು ಸಭೆಯಲ್ಲಿ ಕುಳಿತಾಗಲೂ ಆ ಹೊತ್ತಿಗೆ ಕೇಳುತ್ತಿರುವವರನ್ನೇ ನೋಡುತ್ತಾರೆ. ಅಡ್ಡ ಚಿತ್ರದಲ್ಲಿ ಅದನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಪ್ರೇಕ್ಷಕನಿಗಿತ್ತು, ಉದ್ದ ಚೌಕಟ್ಟಿನಲ್ಲಿ ನೀವು ತೋರಿಸದಿದ್ದರೆ ಅದು ಇಲ್ಲ.

ತುಣುಕಿನ ಮೊದಲ ಎರಡು ಸೆಕೆಂಡು ಮಾತ್ರ ಪೂರ್ತಿ ಅಡ್ಡ ಚಿತ್ರವನ್ನು ನಡುವಿನ ಪಟ್ಟಿಯಾಗಿ ತೋರಿಸಿ, ಇಬ್ಬರ ಮೇಲೂ ಪಾತ್ರದ ಹೆಸರನ್ನು ಹಾಕಿದರೆ ಯಾರು ಎಲ್ಲಿ ಕುಳಿತಿದ್ದಾರೆಂಬುದು ನೋಡುವವರಿಗೆ ನಾಟುತ್ತದೆ. ತುಣುಕನ್ನು ಪೂರ್ತಿ ಹಾಗೆಯೇ ಬಿಡುವುದು ಮಾತ್ರ ಸಲ್ಲ. ಮೂಲದಲ್ಲಿ 150 ಪಿಕ್ಸೆಲ್ ಎತ್ತರವಿದ್ದ ಮುಖ ಆ ಪಟ್ಟಿಯಲ್ಲಿ 84 ಪಿಕ್ಸೆಲ್‌ಗೆ ಇಳಿಯುತ್ತದೆ. ತೆರೆಯ ಅಗಲ ಏಳು ಸೆಂಟಿಮೀಟರಿನಷ್ಟಿರುವ ಫೋನಿನಲ್ಲಿ ಅದು ಅರ್ಧ ಸೆಂಟಿಮೀಟರ್ ಆಯಿತು. ಅದೇ ಮುಖ ನಾವು ಮಾಡಿದ ಕಿಟಕಿಯಲ್ಲಿ 267 ಪಿಕ್ಸೆಲ್, ಅಂದರೆ ಒಂದೂಮುಕ್ಕಾಲು ಸೆಂಟಿಮೀಟರಿನಷ್ಟು. ಹುಬ್ಬು ಗಂಟಿಕ್ಕಿದ್ದು ಕಾಣುವುದು ಎರಡನೆಯದರಲ್ಲಿ ಮಾತ್ರ.

ಪದ್ಯ ಮುಗಿದು ಅರ್ಥ ಆರಂಭವಾಗುವ ಭಾಗಕ್ಕೆ ಇನ್ನೊಂದು ಅಳತೆಯನ್ನು ಸೂಚಿಸುತ್ತೇನೆ. 4:5ರ ಕಿಟಕಿಯನ್ನು ಕತ್ತರಿಸಿದರೆ ಅಗಲ 864 ಪಿಕ್ಸೆಲ್ ಸಿಗುತ್ತದೆ, ಹಿಗ್ಗಿಸಬೇಕಾದದ್ದೂ ಒಂದೂಕಾಲು ಪಟ್ಟು ಮಾತ್ರ. ಭಾಗವತರೂ ಒಬ್ಬ ಅರ್ಥಧಾರಿಯೂ ಇದರಲ್ಲಿ ಒಟ್ಟಿಗೆ ಹಿಡಿಯುತ್ತಾರೆ. ಮೇಲೆ ಕೆಳಗೆ ಸೇರಿ 570 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಅಲ್ಲಿ ಗಾಢವಾದ ಒಂದೇ ಬಣ್ಣವನ್ನು ತುಂಬಿ. ಚಿತ್ರವನ್ನೇ ಮಸುಕು ಮಾಡಿ ಹಿನ್ನೆಲೆಗೆ ಹಾಸುವ ರೂಢಿ ನನಗೆ ಹಿಡಿಸುವುದಿಲ್ಲ, ಏಕೆಂದರೆ ಆ ಮಸುಕಿನಲ್ಲಿಯೂ ಚಲನೆ ಇರುತ್ತದೆ.

ಸವಾಲು ಜವಾಬು ಬಿರುಸಾಗಿ, ಒಂದೊಂದು ಮಾತಿಗೆ ಒಂದೊಂದು ಉತ್ತರ ಬರುವ ಕಡೆ ಕಟ್‌ಗಳು ಸೋಲುತ್ತವೆ. ಅಲ್ಲಿ ಇಬ್ಬರನ್ನೂ ಮೇಲೆ ಕೆಳಗೆ ಜೋಡಿಸುವುದೇ ಸರಿ: ಪ್ರತಿಯೊಬ್ಬರಿಗೂ 1080 × 960ರ ಅರ್ಧ ತೆರೆ. ಮೂಲದಿಂದ 810 × 720ರ ಕಿಟಕಿಯನ್ನು ತೆಗೆದು ಮೂರರಲ್ಲೊಂದು ಪಾಲು ಹಿಗ್ಗಿಸಿದರೆ ಇದಕ್ಕೆ ಸರಿಹೋಗುತ್ತದೆ. ಆದರೆ ಇಲ್ಲೊಂದು ತೊಡಕಿದೆ, ಅದನ್ನು ಹೆಚ್ಚಿನವರು ಫೋನಿನಲ್ಲಿ ನೋಡುವವರೆಗೆ ಗಮನಿಸುವುದಿಲ್ಲ. ಎರಡೂ ಅರ್ಧಗಳಲ್ಲಿ ಮುಖವನ್ನು ಒಂದೇ ಎತ್ತರದಲ್ಲಿ ಇಟ್ಟರೆ ಕೆಳಗಿನವರ ಮುಖ ತೆರೆಯ ಮೇಲಂಚಿನಿಂದ 1360ನೆಯ ಪಿಕ್ಸೆಲ್‌ನ ಆಸುಪಾಸಿಗೆ ಹೋಗುತ್ತದೆ. ಅಲ್ಲಿ ಬಲಗಡೆ ಗುಂಡಿಗಳ ಸಾಲಿರುತ್ತದೆ, ಅದರ ಕೆಳಗೇ ಚಾನೆಲಿನ ಹೆಸರೂ ವಿವರಣೆಯೂ ಬಂದು ಕೂರುತ್ತವೆ. ಆದ್ದರಿಂದ ಕೆಳಗಿನವರ ಕಿಟಕಿಯನ್ನು ಮೂಲ ಚಿತ್ರದಲ್ಲಿ ತಗ್ಗಿಸಿ, ಮುಖ ಅವರ ಪಾಲಿನ ಮೇಲ್ಭಾಗಕ್ಕೆ ಏರುವಂತೆ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಮುಖ ಮೂಲದ ಮೇಲಂಚಿನಿಂದ 420ರಲ್ಲಿದ್ದರೆ, ಮೇಲಿನವರ ಕಿಟಕಿಯನ್ನು 120ರಿಂದಲೂ ಕೆಳಗಿನವರದ್ದನ್ನು 270ರಿಂದಲೂ ಆರಂಭಿಸಿ. ಆಗ ಕೆಳಗಿನ ಮುಖ 1160ರ ಸುತ್ತ ನಿಲ್ಲುತ್ತದೆ. ಅವರ ತಲೆಯ ಮೇಲೆ ಜಾಗ ಕಡಿಮೆಯಾಯಿತೆಂದು ಚಿಂತಿಸಬೇಡಿ. ಉಳಿದ ಆ ಜಾಗದಲ್ಲಿಯೇ, ಎರಡು ಅರ್ಧಗಳು ಕೂಡುವ ಗೆರೆಯ ಮೇಲೆ, ಅಕ್ಷರಗಳು ಕೂರುತ್ತವೆ.

ಇನ್ನು ಅಕ್ಷರಗಳ ವಿಷಯ. ಮೊದಲನೆಯದಾಗಿ, ಅಡ್ಡ ವಿಡಿಯೊದಲ್ಲಿಯೇ ಅಕ್ಷರಗಳನ್ನು ಅಚ್ಚೊತ್ತಿದ ಪ್ರತಿಯನ್ನು ಬಳಸಬೇಡಿ. 1920 ಪಿಕ್ಸೆಲ್ ಅಗಲಕ್ಕೆ ಹರಡಿದ ಸಾಲನ್ನು ಕಿಟಕಿ ಎರಡೂ ಕಡೆ ಕತ್ತರಿಸುತ್ತದೆ. ಅಕ್ಷರಗಳಿಲ್ಲದ ಪ್ರತಿ ಉಳಿದೇ ಇಲ್ಲವೆಂದರೆ ಕೆಳಗಿನ 200 ಪಿಕ್ಸೆಲ್ ಬಿಟ್ಟು 495 × 880ರ ಕಿಟಕಿಯನ್ನು ತೆಗೆಯಬಹುದು. ಆಗ ಸುಮಾರು 2.2 ಪಟ್ಟು ಹಿಗ್ಗಿಸಬೇಕಾಗುತ್ತದೆ, ಮುಖದ ವಿವರ ಮಂಕಾಗುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ ಇದನ್ನು ಮಾಡಿ.

ಸ್ಥಾನದ ಬಗ್ಗೆ ಮೆಟಾ ಕಂಪನಿ ರೀಲ್ಸ್ ಜಾಹೀರಾತುಗಳಿಗೆ ಕೊಟ್ಟಿರುವ ಸೂಚನೆಯನ್ನೇ ನಾನು ಎಲ್ಲದಕ್ಕೂ ಬಳಸುತ್ತೇನೆ: ಮೇಲೆ ಶೇಕಡಾ 14, ಕೆಳಗೆ ಶೇಕಡಾ 35, ಎರಡೂ ಬದಿಗಳಲ್ಲಿ ಶೇಕಡಾ 6ರಷ್ಟು ಜಾಗದಲ್ಲಿ ಮುಖ್ಯವಾದದ್ದೇನನ್ನೂ ಇಡಬಾರದು. 1920ರ ಎತ್ತರದಲ್ಲಿ ಕೆಳಗಿನ 672 ಪಿಕ್ಸೆಲ್ ಬಿಟ್ಟರೆ ಅಕ್ಷರಗಳ ಕೊನೆಯ ಗೆರೆ 1248ಕ್ಕಿಂತ ಮೇಲಿರಬೇಕೆಂದಾಯಿತು. ಜಾಹೀರಾತಲ್ಲದ ವಿಡಿಯೊಗಳಲ್ಲಿ ಇನ್ನೂ ಸ್ವಲ್ಪ ಕೆಳಗೆ ಇಳಿಯಬಹುದು, ಆದರೆ ಒಂದೇ ಕಡತವನ್ನು ಎರಡೂ ಕಡೆ ಹಾಕುವವರಿಗೆ ಕಟ್ಟುನಿಟ್ಟಾದ ಅಳತೆಯೇ ಅನುಕೂಲ. ನಮ್ಮ ಕಿಟಕಿಯಲ್ಲಿ ಅರ್ಥಧಾರಿಯ ಗಲ್ಲ ಸುಮಾರು 880ಕ್ಕೆ ಮುಗಿಯುತ್ತದೆ. ಆದ್ದರಿಂದ ಎರಡು ಸಾಲುಗಳ ಅಕ್ಷರಗಳನ್ನು 1040ರಿಂದ 1240ರ ನಡುವೆ, ಎದೆಯ ಮಟ್ಟದಲ್ಲಿ ಕೂರಿಸಿದರೆ ಮುಖಕ್ಕೂ ತೊಂದರೆಯಿಲ್ಲ, ಗುಂಡಿಗಳಿಗೂ ಸಿಗುವುದಿಲ್ಲ. ಎದುರಿಗಿರುವ ಮೈಕ್ ಮರೆಯಾದರೆ ಒಳ್ಳೆಯದೇ ಆಯಿತು.

ಬಲಗಡೆಯ ಗುಂಡಿಗಳಿಗೆಂದು ಸುಮಾರು 150 ಪಿಕ್ಸೆಲ್ ಬಿಡಬೇಕು. ಸಾಲು ನಡುವಿಗೆ ಹೊಂದಿಕೊಂಡಿರಬೇಕಾದರೆ ಎಡಕ್ಕೂ ಅಷ್ಟೇ ಬಿಡಬೇಕಾಗುತ್ತದೆ, ಉಳಿಯುವುದು 780. ಅರವತ್ತರ ಆಸುಪಾಸಿನ ಗಾತ್ರದ ಅಕ್ಷರಗಳಾದರೆ ಒಂದು ಸಾಲಿಗೆ ಹನ್ನೆರಡರಿಂದ ಹದಿನಾಲ್ಕು ಕನ್ನಡ ಅಕ್ಷರಗಳು ಹಿಡಿಯುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಇಂಗ್ಲಿಷಿಗಾಗಿ ಮಾಡಿದ ಮಾದರಿಗಳು ನಮಗೆ ಒಗ್ಗದಿರುವುದಕ್ಕೆ ಮೂಲ ಕಾರಣ ಇದು. "ಒಪ್ಪಿಕೊಳ್ಳಬೇಕಾಗಿತ್ತೆಂಬುದನ್ನು" ಎಂಬ ಒಂದೇ ಪದಕ್ಕೆ ಹನ್ನೊಂದು ಅಕ್ಷರಗಳಿವೆ, ಅದೊಂದೇ ಇಡೀ ಸಾಲನ್ನು ನುಂಗುತ್ತದೆ. ಸಾಫ್ಟ್‌ವೇರ್ ತಾನಾಗಿ ಸಾಲು ಮುರಿಯುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಮಾತ್ರ ನೋಡುತ್ತದೆ. ಹಾಗಾಗಿ ಮೇಲೆ ಒಂಟಿ ಪದ, ಕೆಳಗೆ ಅಂಚು ಮೀರಿದ ಸಾಲು ಎಂಬಂತಾಗುತ್ತದೆ. ಸಾಲುಗಳನ್ನು ಕೈಯಿಂದಲೇ ಮುರಿಯಿರಿ, ಅದೂ ಉಸಿರು ತಿರುಗುವ ಕಡೆ. ಉದಾಹರಣೆಗೆ:

ಸಂಧಿಯನ್ನು ಬಯಸಿ ಬಂದವನನ್ನು
ಸಾರಥಿಯೆಂದು ಹಳಿಯುವುದು ಸಲ್ಲದು

ಮೇಲಿನ ಸಾಲಿನಲ್ಲಿ ಹನ್ನೆರಡು, ಕೆಳಗಿನದರಲ್ಲಿ ಹದಿಮೂರು ಅಕ್ಷರಗಳಿವೆ. ಕರ್ಮಪದ ಒಂದು ಸಾಲಿನಲ್ಲಿ ಪೂರ್ತಿಯಾಗಿದೆ, ಕ್ರಿಯೆ ಇನ್ನೊಂದರಲ್ಲಿದೆ. "ಬಂದವನನ್ನು" ಎಂಬುದು ಕೆಳಗಿನ ಸಾಲಿಗೆ ಜಾರಿದ್ದರೆ ಓದುವವರು "ಬಯಸಿ" ಎಂಬಲ್ಲಿ ತಡವರಿಸುತ್ತಿದ್ದರು. ಆಡಿದ ಪದವೊಂದೊಂದೇ ಬಣ್ಣ ಬದಲಿಸುತ್ತಾ ಹಾರಿಬರುವ ಶೈಲಿ ಈಗ ಎಲ್ಲೆಡೆ ಇದೆ. ಅರ್ಥಗಾರಿಕೆಗೆ ಅದು ಬೇಡ. ಅಲ್ಲಿನ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಓದುಗನ ಕಣ್ಣಿಗೆ ಹಿಂದಿನ ಪದಗಳೂ ಸಿಗುತ್ತಿರಬೇಕು. ಮಾತು ಎರಡು ಸಾಲಿಗೆ ಹಿಡಿಯದಷ್ಟು ವೇಗವಾಗಿದ್ದರೆ ಅಕ್ಷರವನ್ನು ಕಿರಿದು ಮಾಡಬೇಡಿ. ಪುನರುಕ್ತಿಯನ್ನೂ ಸಂಬೋಧನೆಗಳನ್ನೂ ಬಿಟ್ಟು ಬರೆಯಿರಿ. ಕಲಾವಿದರ ಮಾತನ್ನು ಬೇರೆ ಪದಗಳಲ್ಲಿ ತಿದ್ದಿ ಬರೆಯುವುದು ಮಾತ್ರ ಕೂಡದು.

ಕನ್ನಡ ಲಿಪಿಗೇ ಸಂಬಂಧಿಸಿದ ಎರಡು ತೊಡಕುಗಳನ್ನು ವಿವರವಾಗಿ ಹೇಳಬೇಕು. ಒಂದು, ಅಕ್ಷರಗಳ ಸುತ್ತ ಹಾಕುವ ದಪ್ಪ ಕಪ್ಪು ಅಂಚು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಪುಟ್ಟ ಸೀಳೊಂದೇ. ಅರವತ್ತರ ಗಾತ್ರದಲ್ಲಿ ಆ ಸೀಳು ಕೆಲವೇ ಪಿಕ್ಸೆಲ್‌ಗಳಷ್ಟಿರುತ್ತದೆ. ಅದರ ಮೇಲೆ ಎಂಟು ಹತ್ತು ಪಿಕ್ಸೆಲ್‌ನ ಅಂಚನ್ನು ಹಾಕಿ, ವಿಡಿಯೊ ಮತ್ತೆ ಏರಿಸಿದ ಜಾಲತಾಣದ ಸಂಕೋಚನಕ್ಕೆ ಒಳಗಾದರೆ ಸೀಳು ಮುಚ್ಚಿಹೋಗುತ್ತದೆ. ಧನಕ್ಕಾಗಿ ನಡೆದ ವಾದ ದನಕ್ಕಾಗಿ ನಡೆದಂತೆ ಓದಿಸಿಕೊಂಡರೆ ಆಶ್ಚರ್ಯವಿಲ್ಲ. ಅಂಚು ಬೇಕೇ ಬೇಕಿದ್ದರೆ ಮೂರು ನಾಲ್ಕು ಪಿಕ್ಸೆಲ್‌ಗೆ ನಿಲ್ಲಿಸಿ, ಅದು ಅಕ್ಷರದ ಹೊರಗಡೆ ಮಾತ್ರ ಬೆಳೆಯುವ ಆಯ್ಕೆಯನ್ನು ಆರಿಸಿ. ನನ್ನ ಆಯ್ಕೆ ಅಂಚಿಲ್ಲದ ಬಿಳಿ ಅಕ್ಷರ, ಅದರ ಹಿಂದೆ ಮುಕ್ಕಾಲು ಪಾಲು ಗಾಢವಾದ ಕಪ್ಪು ಪಟ್ಟಿ. ಅತಿ ದಪ್ಪ ತೂಕದ ಫಾಂಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹ, ಣ, ಞ ಇವುಗಳ ಒಳಗಿನ ಬೆಳಕು ತುಂಬಿಹೋಗುತ್ತದೆ. ನೋಟೊ ಸಾನ್ಸ್ ಕನ್ನಡದ ಸೆಮಿಬೋಲ್ಡ್ ತೂಕ ಸಾಕು. ಕೆಂಪು ಅಕ್ಷರಗಳನ್ನು ಬಿಟ್ಟುಬಿಡಿ: ಸಂಕೋಚನದಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಉಳಿಸಿಕೊಳ್ಳುವುದರಿಂದ ಕಪ್ಪಿನ ಮೇಲಿನ ಕೆಂಪು ಗೆರೆಗಳು ಹರಡಿಕೊಳ್ಳುತ್ತವೆ.

ಇನ್ನೊಂದು, ಒತ್ತಕ್ಷರಗಳು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ, ತಲೆಕಟ್ಟಿಗೆ ತಾಗಬಾರದು. ಸಾಲುಗಳ ಅಂತರವನ್ನು ಅಕ್ಷರ ಗಾತ್ರದ 1.35 ಪಟ್ಟಿನಿಂದ ಒಂದೂವರೆ ಪಟ್ಟಿನವರೆಗೆ ಇಡಿ. ಹಿಂದಿನ ಪಟ್ಟಿಯ ಕೆಳಗಡೆಯೂ ಹೆಚ್ಚು ಜಾಗ ಕೊಡಿ. "ರಾಷ್ಟ್ರೀಯ" ಮತ್ತು "ಸ್ತ್ರೀ" ಎಂದು ಬರೆದು ನೋಡಿದರೆ ಎರಡು ಹಂತದ ಒತ್ತು ಪಟ್ಟಿಯಾಚೆ ಹೋಗುತ್ತದೆಯೇ ಎಂಬುದು ತಕ್ಷಣ ತಿಳಿಯುತ್ತದೆ. ಜೊತೆಗೆ "ಕರ್ಣ", "ಧರ್ಮ", "ಕ್ಷಾತ್ರ" ಎಂಬವನ್ನೂ ಬರೆಯಿರಿ. ಅರ್ಕಾವತ್ತು ತನ್ನ ಜಾಗಕ್ಕೆ ಬರದೆ "ರ್" ಬೇರೆ, "ಣ" ಬೇರೆಯಾಗಿ ಬಿಡಿಬಿಡಿಯಾಗಿ ನಿಂತರೆ ಸಾಫ್ಟ್‌ವೇರ್ ಕನ್ನಡವನ್ನು ಜೋಡಿಸುತ್ತಿಲ್ಲ ಎಂದರ್ಥ; ಅಡೋಬಿಯ ಸಾಫ್ಟ್‌ವೇರ್‌ಗಳಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಆನ್ ಮಾಡಬೇಕಾಗುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ಗಳಿಗೆ ಮರಳುತ್ತಾರೆ. ತೆರೆಯ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ, ಆದರೆ ಆ ಪಠ್ಯವನ್ನು ಎಸ್‌ಆರ್‌ಟಿ ಎಂಬ ಉಪಶೀರ್ಷಿಕೆಯ ಕಡತವಾಗಿ ಬೇರೆಡೆಗೆ ಒಯ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಮಾತ್ರ ಉಳಿಯುತ್ತದೆ. ಯುನಿಕೋಡಿನಲ್ಲಿಯೇ ಬರೆಯಿರಿ.

ಮುಗಿದ ತುಣುಕನ್ನು ಕಂಪ್ಯೂಟರಿನ ತೆರೆಯ ಮೇಲೆ ನೋಡಿ ಒಪ್ಪಿಬಿಡಬೇಡಿ. ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಆಗಿ ಏರಿಸಿ, ನಿಮ್ಮ ಸಂಘದಲ್ಲಿ ಅತಿ ಚಿಕ್ಕ ಫೋನ್ ಯಾರ ಬಳಿ ಇದೆಯೋ ಅವರಿಗೆ ಕೊಟ್ಟು, ಧ್ವನಿ ಮುಚ್ಚಿ, ಹಗಲು ಬೆಳಕಿನಲ್ಲಿ ಒಮ್ಮೆ ಓದಿಸಿ. ಪ್ರಸಂಗ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು, ಏಕೆಂದರೆ ಗೊತ್ತಿರುವವರು ಕಾಣದ ಅಕ್ಷರವನ್ನೂ ಊಹಿಸಿ ಓದಿಬಿಡುತ್ತಾರೆ. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ಸಾಲು ಮುರಿದ ಜಾಗ ತಪ್ಪಾಗಿರುತ್ತದೆ ಅಥವಾ ಅಕ್ಷರ ತೆರೆಯ ಮೇಲೆ ನಿಂತ ಹೊತ್ತು ಸಾಲದಾಗಿರುತ್ತದೆ.

ಮುಂದಿನ ಕೂಟಗಳಿಗೆ 4ಕೆ ಕ್ಯಾಮೆರಾ ತಂದರೆ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಅರ್ಧ ಸರಿಹೋಗುತ್ತದೆ. 3840 × 2160ರ ಚಿತ್ರದಿಂದ 1215 ಪಿಕ್ಸೆಲ್ ಅಗಲದ ಕಿಟಕಿ ಸಿಗುವುದರಿಂದ ಹಿಗ್ಗಿಸುವ ಪ್ರಮೇಯವೇ ಬರುವುದಿಲ್ಲ, ತುಸು ಕುಗ್ಗಿಸಬೇಕಷ್ಟೇ, ಮುಖ ಸ್ಪಷ್ಟವಾಗಿರುತ್ತದೆ. ಆದರೆ ಇಬ್ಬರ ನಡುವಿನ ಅಂತರವೂ ಅದೇ ಪ್ರಮಾಣದಲ್ಲಿ ದ್ವಿಗುಣವಾಗಿ 2100 ಪಿಕ್ಸೆಲ್ ಆಗಿರುತ್ತದೆ, ಆದ್ದರಿಂದ ಒಂದೇ ಕಿಟಕಿಯಲ್ಲಿ ಇಬ್ಬರೂ ಹಿಡಿಯದಿರುವುದು ಹಾಗೆಯೇ ಉಳಿಯುತ್ತದೆ. ಕೈಯಲ್ಲಿರುವ ಕ್ಯಾಮೆರಾವನ್ನೇ ಇಟ್ಟುಕೊಂಡು, ಎರಡು ಫೋನುಗಳನ್ನು ಟ್ರೈಪಾಡಿಗೆ ಉದ್ದವಾಗಿ ಕಟ್ಟಿ ಒಬ್ಬೊಬ್ಬ ಅರ್ಥಧಾರಿಯ ಕಡೆಗೆ ಒಂದೊಂದನ್ನು ತಿರುಗಿಸಿಟ್ಟರೂ ಕೆಲಸ ನಡೆಯುತ್ತದೆ. ಮೂರೂ ರೆಕಾರ್ಡಿಂಗ್ ಆರಂಭವಾದ ಮೇಲೆ ಚಪ್ಪಾಳೆಯೊಂದನ್ನು ತಟ್ಟಿದರೆ ಧ್ವನಿ ಹೊಂದಿಸಲು ಗುರುತಾಗುತ್ತದೆ. ಫೋನಿನಲ್ಲಿ ಎಕ್ಸ್‌ಪೋಶರ್ ಮತ್ತು ಫೋಕಸನ್ನು ಲಾಕ್ ಮಾಡುವುದನ್ನು ಮರೆಯಬೇಡಿ. ಇಲ್ಲವಾದರೆ ಬಿಳಿ ಶಾಲು ಜಾರಿದಾಗಲೆಲ್ಲ ಮುಖ ಕಪ್ಪಾಗುತ್ತದೆ.